ಏಪ್ರಿಲ್ ಒಂದಕ್ಕೆ ಏರಿದ ಕೊಬ್ಬು: ಕಲಬುರಗಿಯ ಒಂದು ಸ್ಮಾರ್ಟ್ ಸ್ಕೇಲ್ ಪ್ರಕರಣ

ಇದರಲ್ಲಿ ಬರುವ ಮಹಿಳೆಯ ಹೆಸರು, ಇಲಾಖೆ, ಓಣಿ ಯಾವುದನ್ನೂ ಬರೆದಿಲ್ಲ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಅಂಕಿ ಬೇಕಾದ್ರ ಹಾಕ್ರಿ, ಹೆಸರು ಬ್ಯಾಡ" ಎಂದರು.

ಹಿನ್ನೆಲೆ

ನಾನು ಕಲಬುರಗಿಯಲ್ಲಿ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಫೆಬ್ರವರಿ ಕೊನೆಗೆ ಬಂದ ಇವರಿಗೆ 46 ವರ್ಷ, ಎತ್ತರ 154 ಸೆಂ.ಮೀ. ಸರ್ಕಾರಿ ಕಚೇರಿಯಲ್ಲಿ ಟೇಬಲ್ ಕೆಲಸ. ಸಕ್ಕರೆ ಕಾಯಿಲೆ ಗಡಿಯ ಹತ್ತಿರ ಇದೆ, ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ನಾನು ಹೇಳಿದ್ದು ದೊಡ್ಡ ಪಥ್ಯವೇನಲ್ಲ. ಊಟಕ್ಕೆ ಮೂರು ಜೋಳದ ರೊಟ್ಟಿ ಇದ್ದಿದ್ದು ಎರಡಾಗಲಿ, ಬೇಳೆ, ಕಾಳು, ಮೊಸರು ಜಾಸ್ತಿ ಆಗಲಿ, ಸಂಜೆಯ ಮಿರ್ಚಿ ಭಜಿ ವಾರಕ್ಕೊಮ್ಮೆ ಸಾಕು, ಬೆಳಗ್ಗೆ ಅಪ್ಪನ ಕೆರೆ ಸುತ್ತ 45 ನಿಮಿಷ ನಡೆಯಿರಿ. ಅಷ್ಟೇ.

ಬೆಂಗಳೂರಲ್ಲಿರುವ ಮಗ ಅಮ್ಮನಿಗೆ ಒಂದು ಸ್ಮಾರ್ಟ್ ಸ್ಕೇಲ್ ತರಿಸಿಕೊಟ್ಟಿದ್ದ. ಮೇಲೆ ಗಾಜು, ಗಾಜಿನ ಮೇಲೆ ಬೆಳ್ಳಗೆ ಹೊಳೆಯುವ ನಾಲ್ಕು ಪಟ್ಟಿ. ಬರಿಗಾಲಲ್ಲಿ ನಿಂತರೆ ಮೊಬೈಲಿನಲ್ಲಿ ಹದಿಮೂರು ಅಂಕಿ ಬರುತ್ತವೆ: ತೂಕ, ಕೊಬ್ಬು, ನೀರು, ಸ್ನಾಯು, ಪ್ರೋಟೀನ್, ಮೂಳೆ, "ದೇಹದ ವಯಸ್ಸು", ಇನ್ನೂ ಏನೇನೋ.

ಸಮಸ್ಯೆ

ಏಪ್ರಿಲ್ ನಡುವೆ ಅವರು ಬಂದಾಗ ಮುಖ ಸಪ್ಪಗಿತ್ತು. ಕೂರುವ ಮೊದಲೇ ಮೊಬೈಲ್ ಮುಂದಿಟ್ಟರು.

"ನೋಡ್ರಿ ಮೇಡಂ. ರೊಟ್ಟಿ ಬಿಟ್ಟೀನಿ, ಭಜಿ ಬಿಟ್ಟೀನಿ. ತೂಕ ಇಳದದ ಖರೆ, ಫ್ಯಾಟ್ ಮಾತ್ರ ಏರ್‍ಯದ. ನೀರೂ ಕಮ್ಮಿ, ಪ್ರೋಟೀನೂ ಕಮ್ಮಿ, ಸ್ನಾಯೂ ಕಮ್ಮಿ. ಒಳಗಿಂದ ಒಳಗ ಕರಗಾಕತ್ತೀನೇನು ನಾ?"

ಮಾರ್ಚ್ 25ರಂದು 71.6 ಕೆಜಿ, ಕೊಬ್ಬು 35.2%. ಏಪ್ರಿಲ್ 16ರಂದು 69.9 ಕೆಜಿ, ಕೊಬ್ಬು 38.6%. ಇದನ್ನು ನೋಡಿ ಅವರು ಆಗಲೇ ರಾತ್ರಿ ಊಟ ಬಿಟ್ಟಿದ್ದರು. ಪ್ರೋಟೀನ್ ಪುಡಿಯ ಡಬ್ಬಿಯೂ ಮನೆಗೆ ಬಂದಿತ್ತು.

ಒಂದು ಮಾತ್ರ ಅವತ್ತು ಸರಿಯಾಗಿ ಮಾಡಿದೆ. ಶೇಕಡಾ ಬಿಟ್ಟು ಕಿಲೋ ಲೆಕ್ಕ ಹಾಕಿದೆ. ಮಾರ್ಚಿನಲ್ಲಿ ಕೊಬ್ಬು 25.2 ಕೆಜಿ, ಉಳಿದದ್ದು 46.4. ಏಪ್ರಿಲಿನಲ್ಲಿ ಕೊಬ್ಬು 27 ಕೆಜಿ, ಉಳಿದದ್ದು 42.9. ಅಂದರೆ ಸ್ಕೇಲ್ ಹೇಳುತ್ತಿರುವುದು ಏನು? 22 ದಿನದಲ್ಲಿ 1.8 ಕೆಜಿ ಕೊಬ್ಬು ಹೊಸದಾಗಿ ಕೂಡಿದೆ, ಮೂರೂವರೆ ಕೆಜಿ ಮಾಂಸ ಕರಗಿದೆ. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಾಗದೆ ಉಳಿದ ಸುಮಾರು 7,700 ಕ್ಯಾಲೊರಿ ಬೇಕು. ಆ ಲೆಕ್ಕದಲ್ಲಿ ಇವರು ದಿನಾ 600ಕ್ಕೂ ಹೆಚ್ಚು ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು. ಕಡಿಮೆ ತಿನ್ನುತ್ತಾ, ದಿನಾ ನಡೆಯುತ್ತಾ ಅದು ಆಗುವ ಮಾತಲ್ಲ. ಅಂಕಿಯಲ್ಲೇ ಏನೋ ಎಡವಟ್ಟಿದೆ ಎನ್ನುವಷ್ಟು ಗೊತ್ತಾಯಿತು.

ನಾನು ಮಾಡಿದ ತಪ್ಪು

ಬೇಸಿಗೆ, ಕಲಬುರಗಿ. ಮೈಯಲ್ಲಿ ನೀರು ಕಡಿಮೆಯಾದರೆ ಈ ಸ್ಕೇಲುಗಳು ಕೊಬ್ಬನ್ನು ಜಾಸ್ತಿ ತೋರಿಸುತ್ತವೆ ಎನ್ನುವುದು ನನಗೆ ಗೊತ್ತಿತ್ತು. ಬೇರೇನೂ ಕೇಳದೆ "ನೀರು ಕಮ್ಮಿ ಆಗಿದೆ, ಚೆನ್ನಾಗಿ ನೀರು ಕುಡಿದು ನೋಡಿ" ಅಂದುಬಿಟ್ಟೆ. ಯಾವಾಗ ಕುಡಿಯಬೇಕು ಅಂತ ಹೇಳಲಿಲ್ಲ.

ಅವರು ಮರುದಿನ ಎದ್ದವರೇ ಒಂದು ತಂಬಿಗೆ ನೀರು ಕುಡಿದು ಸ್ಕೇಲ್ ಹತ್ತಿದರು. ಕೊಬ್ಬು ಇನ್ನೂ ಅರ್ಧ ಪಾಯಿಂಟ್ ಏರಿತು. ಫೋನಿನಲ್ಲಿ ಅವರ ದನಿಗೆ ನಾನು ಏನು ಉತ್ತರ ಕೊಡಲಿ?

ಯಾಕೆ ಹೀಗಾಯಿತು ಅಂತ ತಿಳಿಯಲು ಸ್ಕೇಲ್ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ಅದಕ್ಕೆ ಕೊಬ್ಬು ಕಾಣುವುದೇ ಇಲ್ಲ. ಒಂದು ಜೋಡಿ ಪಟ್ಟಿಯಿಂದ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ಕಾಲಿಗೆ ಬಿಡುತ್ತದೆ. ಇನ್ನೊಂದು ಜೋಡಿಯಿಂದ ವೋಲ್ಟೇಜ್ ಅಳೆಯುತ್ತದೆ. ಎರಡನ್ನೂ ಸೇರಿಸಿದರೆ ಮೈ ಆ ಕರೆಂಟಿಗೆ ಎಷ್ಟು ತಡೆ ಒಡ್ಡಿತು ಅಂತ ಸಿಗುತ್ತದೆ. ಇದಕ್ಕೇ ಇಂಪೀಡೆನ್ಸ್ ಅನ್ನುತ್ತಾರೆ. ಸ್ನಾಯುವಿನಲ್ಲಿ ಉಪ್ಪಿನಂಶದ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆ ಜಾಸ್ತಿ. ಈ ಒಂದು ತಡೆಯ ಅಂಕಿಗೆ ಎತ್ತರ, ತೂಕ, ವಯಸ್ಸು, ಹೆಣ್ಣೋ ಗಂಡೋ ಎನ್ನುವುದನ್ನು ಸೇರಿಸಿ ಒಂದು ಸೂತ್ರಕ್ಕೆ ಹಾಕುತ್ತದೆ. ಮೈಯಲ್ಲಿ ಇಷ್ಟು ನೀರಿರಬೇಕು, ಹಾಗಾದರೆ ಕೊಬ್ಬಿಲ್ಲದ ಭಾಗ ಇಷ್ಟಿರಬೇಕು ಅಂತ ಅಂದಾಜು ಮಾಡುತ್ತದೆ. ಆಮೇಲೆ ಒಟ್ಟು ತೂಕದಲ್ಲಿ ಅದನ್ನು ಕಳೆದು, ಉಳಿದದ್ದಕ್ಕೆಲ್ಲ ಕೊಬ್ಬು ಎಂದು ಹೆಸರಿಡುತ್ತದೆ.

ಇನ್ನೊಂದು ವಿಷಯ. ಕಾಲಿನ ಪಟ್ಟಿ ಮಾತ್ರ ಇರುವ ಸ್ಕೇಲಿನಲ್ಲಿ ಕರೆಂಟ್ ಒಂದು ಕಾಲಿನಲ್ಲಿ ಹತ್ತಿ, ಸೊಂಟದ ಕೆಳಭಾಗ ದಾಟಿ, ಇನ್ನೊಂದು ಕಾಲಿನಲ್ಲಿ ಇಳಿಯುತ್ತದೆ. ಹೊಟ್ಟೆ, ಎದೆ, ತೋಳಿನ ಕಡೆ ಅದು ಹೋಗುವುದು ಅಷ್ಟಕ್ಕಷ್ಟೇ. ಆಗಷ್ಟೇ ಕುಡಿದ ನೀರು ಹೊಟ್ಟೆಯಲ್ಲಿ ಕೂತಿದೆ. ತೂಕಕ್ಕೆ ಅದು ಸೇರಿತು, ಕಾಲಿನ ತಡೆ ಮಾತ್ರ ಹಾಗೇ ಉಳಿಯಿತು. ಪಾಪ, ಸ್ಕೇಲಿಗೆ ತಂಬಿಗೆ ನೀರು ಕಾಣಲಿಲ್ಲ. ಹೆಚ್ಚಾದ ತೂಕದ ಬಹುಪಾಲನ್ನು ಕೊಬ್ಬಿನ ಖಾತೆಗೆ ಬರೆಯಿತು.

ನೀರು ಕಡಿಮೆ, ಪ್ರೋಟೀನ್ ಕಡಿಮೆ ಎನ್ನುವ ಭಯಕ್ಕೂ ಉತ್ತರ ಇಲ್ಲೇ ಇತ್ತು. ಅವರು ಮತ್ತೆ ಬಂದಾಗ ಅವರ ಮುಂದೆ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದೆ. ಮಾರ್ಚಿನಲ್ಲಿ ಕೊಬ್ಬು 35.2%, ಉಳಿದದ್ದು 64.8%. ಅದನ್ನು 0.73ರಿಂದ ಗುಣಿಸಿದರೆ 47.3. ಆ್ಯಪ್ ನೀರಿನ ಜಾಗದಲ್ಲಿ ತೋರಿಸಿದ್ದು ಅದೇ 47.3. ಏಪ್ರಿಲಿನಲ್ಲಿ ಉಳಿದದ್ದು 61.4%, ಗುಣಿಸಿದರೆ 44.8. ಆ್ಯಪಿನಲ್ಲೂ 44.8. ಕೊಬ್ಬಿಲ್ಲದ ದೇಹದಲ್ಲಿ ನೂರಕ್ಕೆ ಸುಮಾರು 73 ಪಾಲು ನೀರು ಎನ್ನುವುದು ಈ ಕ್ಷೇತ್ರದಲ್ಲಿ ಹಳೆಯ ಲೆಕ್ಕ. ಎಲ್ಲ ಕಂಪನಿಯ ಆ್ಯಪ್‌ಗಳೂ ಇದೇ ಸಂಖ್ಯೆ ಬಳಸಬೇಕೆಂದಿಲ್ಲ, ಇವರದು ಬಳಸುತ್ತಿತ್ತು. ಅಲ್ಲಿಗೆ ನೀರು ಬೇರೆಯಾಗಿ ಕುಸಿದಿರಲೇ ಇಲ್ಲ. ಹದಿಮೂರು ಅಂಕಿಯಲ್ಲಿ ಸ್ಕೇಲ್ ನಿಜವಾಗಿ ಅಳೆದದ್ದು ಎರಡೇ, ತೂಕ ಮತ್ತು ತಡೆ. ಬಾಕಿಯೆಲ್ಲ ಗುಣಾಕಾರ ಭಾಗಾಕಾರ.

"ಅಂದ್ರ ಒಂದೇ ಸುದ್ದಿ ಹತ್ತು ಮಂದಿ ಬಾಯಾಗ ಕೇಳಿದಂಗ" ಎಂದರು. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮೆಟ್ಟಿಲು

ತಡೆ ಯಾಕೆ ಏರಿತು ಎನ್ನುವ ಪ್ರಶ್ನೆ ಹಾಗೇ ಇತ್ತು. ಅವತ್ತು ನಾನು ಮೊದಲ ಸಲ ಆ್ಯಪಿನ ಗ್ರಾಫ್ ಪೂರ್ತಿ ನೋಡಿದೆ. ಮೊದಲ ದಿನವೇ ನೋಡಬೇಕಿತ್ತು. ಮಾರ್ಚ್ ಇಡೀ ಕೊಬ್ಬಿನ ಗೆರೆ 35ರ ಆಸುಪಾಸಿನಲ್ಲಿ ಆಡುತ್ತಿದೆ. ಏಪ್ರಿಲ್ ಮೊದಲ ವಾರದಿಂದ 38ರ ಆಸುಪಾಸು. ನಡುವೆ ನಿಧಾನದ ಏರು ಇಲ್ಲ. ಒಂದು ಮೆಟ್ಟಿಲು, ಅಷ್ಟೇ. ಕೊಬ್ಬು ಕೂಡುವುದಾಗಲಿ ಕರಗುವುದಾಗಲಿ ಹೀಗೆ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಗೆರೆ ಮೆಟ್ಟಿಲಿನ ಹಾಗೆ ಹಾರಿದರೆ ಅಳೆಯುವ ರೀತಿಯಲ್ಲಿ ಏನೋ ಬದಲಾಗಿದೆ ಎಂದೇ ಮೊದಲು ಅನುಮಾನಿಸಬೇಕು.

"ಏಪ್ರಿಲ್ ಒಂದಕ್ಕೆ ಏನಾಯ್ತು ಅಕ್ಕ?"

ಸ್ವಲ್ಪ ಹೊತ್ತು ಯೋಚಿಸಿದರು. "ಏನಿಲ್ರಿ. ಆಫೀಸ್ ಟೈಮ್ ಬದಲಾತು."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಸಿಲಿಗೆ ಹೆದರಿ ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಮಾರ್ಚಿನಲ್ಲಿ ಇವರು ಸಂಜೆ ಆರರ ಸುಮಾರಿಗೆ ಮನೆಗೆ ಬಂದು, ಕೈಕಾಲು ತೊಳೆದು ಸ್ಕೇಲ್ ಹತ್ತುತ್ತಿದ್ದರು. ಏಪ್ರಿಲಿನಿಂದ ಮಧ್ಯಾಹ್ನ ಬಂದು ಊಟ ಮಾಡಿ ಮಲಗುವುದು. ಸಂಜೆಯ ಅಭ್ಯಾಸ ತಪ್ಪಿತು. ಅದಕ್ಕೆ ಬೆಳಗ್ಗೆ 5:30ಕ್ಕೆ, ಎದ್ದ ಕೂಡಲೇ ತೂಕ ನೋಡಲು ಶುರು ಮಾಡಿದ್ದರು.

ಇಡೀ ದಿನ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂತರೆ ಮೈಯ ನೀರು ಸ್ವಲ್ಪ ಕಾಲಿಗಿಳಿಯುತ್ತದೆ. ಸಂಜೆ ಚಪ್ಪಲಿ ಬಿಗಿಯಾಗುವುದು ಅದಕ್ಕೇ. ಕರೆಂಟ್ ಓಡಾಡುವುದು ಅದೇ ಕಾಲಿನಲ್ಲಿ. ನೀರು ಜಾಸ್ತಿ ಇರುವ ಕಾಲಲ್ಲಿ ತಡೆ ಕಡಿಮೆ, ಹಾಗಾಗಿ ಕೊಬ್ಬೂ ಕಡಿಮೆ ಕಾಣುತ್ತದೆ. ರಾತ್ರಿ ಮಲಗಿದಾಗ ಆ ನೀರು ವಾಪಸ್ ಮೇಲಕ್ಕೆ ಹೋಗುತ್ತದೆ. ಎದ್ದ ತಕ್ಷಣ ಅಳೆದರೆ ತಡೆ ಜಾಸ್ತಿ. ಇವರು ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು. ರಾತ್ರಿಯಿಡೀ ಬೆವರಿ ಎದ್ದಾಗ ಒಟ್ಟು ನೀರೂ ಒಂದಿಷ್ಟು ಕಡಿಮೆ ಇರುತ್ತದೆ.

ಹೊರಡುವಾಗ ಅವರು ಚಪ್ಪಲಿ ಮೆಟ್ಟಲು ಬಾಗಿದರು. ಆಗ ಕಂಡಿತು. ಎರಡೂ ಹಿಮ್ಮಡಿ ಹೊಲದ ಬಿರುಕಿನ ಹಾಗೆ ಒಡೆದಿದ್ದವು. "ರಾತ್ರಿ ಮುಲಾಮು ಹಚ್ಕೊಂಡು ಮಲಗ್ತೀನ್ರಿ" ಎಂದರು. ಅಂದರೆ ಬೆಳಗ್ಗೆ ಎದ್ದು ಆ ಜಿಡ್ಡಿನ ಕಾಲಲ್ಲೇ ಸ್ಕೇಲ್ ಹತ್ತುತ್ತಿದ್ದಾರೆ! ಒಣಗಿ ದಪ್ಪಗಾದ ಚರ್ಮದಲ್ಲಿ ಕರೆಂಟ್ ಸರಿಯಾಗಿ ಹರಿಯದು. ಎಣ್ಣೆಯ ಪದರದಲ್ಲಂತೂ ಇನ್ನೂ ಕಷ್ಟ. ಬಿರುಕು ಬಿಟ್ಟ ಹಿಮ್ಮಡಿ ಪಟ್ಟಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಕರೆಂಟಿಗೊಂದು, ವೋಲ್ಟೇಜಿಗೊಂದು ಬೇರೆ ಪಟ್ಟಿ ಇಟ್ಟಿರುವುದೇ ಇಂಥ ಚರ್ಮದ ತಡೆ ಲೆಕ್ಕಕ್ಕೆ ಬರಬಾರದು ಎಂದು. ಆದರೆ ಮನೆಯ ಸ್ಕೇಲುಗಳಲ್ಲಿ ಅದು ಪೂರ್ತಿ ತಪ್ಪುವುದಿಲ್ಲ.

ಭಾನುವಾರದ ಪರೀಕ್ಷೆ

ಮಾತಿನಲ್ಲಿ ಹೇಳಿದರೆ ಅವರು ನಂಬುತ್ತಿರಲಿಲ್ಲ. ನನಗೂ ಯಾವ ಕಾರಣದ ಪಾಲು ಎಷ್ಟು ಅಂತ ಬೇಕಿತ್ತು. "ಒಂದು ಭಾನುವಾರ ಆರು ಸಲ ಹತ್ತಿ ಬರೆದಿಡಿ" ಎಂದೆ. ಅಡುಗೆಮನೆಯ ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದು ಫೋಟೊ ಕಳಿಸಿದರು:

- 5:40, ಎದ್ದು ಶೌಚಕ್ಕೆ ಹೋಗಿಬಂದು, ಮುಲಾಮಿನ ಕಾಲಲ್ಲೇ: 69.8 ಕೆಜಿ, 38.5%
- 5:55, ಹಿಮ್ಮಡಿ ಸೋಪಿನಿಂದ ತೊಳೆದು ಒರೆಸಿ, ಪಟ್ಟಿಗಳನ್ನೂ ಒರೆಸಿ: 69.8 ಕೆಜಿ, 37.3%
- 6:00, ಎರಡು ದೊಡ್ಡ ಲೋಟ ನೀರು ಕುಡಿದ ಕೂಡಲೇ: 70.4 ಕೆಜಿ, 37.7%
- 7:15, ಕೆರೆ ಸುತ್ತಿ ಬೆವರಿ ಬಂದು: 70.0 ಕೆಜಿ, 36.4%
- 2:00, ಊಟ ಆದಮೇಲೆ: 71.0 ಕೆಜಿ, 36.6%
- 6:00 ಸಂಜೆ: 70.9 ಕೆಜಿ, 35.6%

ಒಂದೇ ಹೆಣ್ಣುಮಗಳು, ಒಂದೇ ದಿನ, 38.5ರಿಂದ 35.6. ಬೆಳಗ್ಗಿನಿಂದ ಸಂಜೆಗೆ ಮೂರು ಪಾಯಿಂಟ್ ಕೊಬ್ಬು ಯಾರಿಗೂ ಕರಗುವುದಿಲ್ಲ.

ಕಾಲು ತೊಳೆದದ್ದಕ್ಕೇ 1.2 ಪಾಯಿಂಟ್ ಇಳಿದದ್ದು ನನಗೂ ಆಶ್ಚರ್ಯ. ಕಾಲು ಗಂಟೆ ಓಡಾಡಿದ್ದರ ಪಾಲೂ ಅದರಲ್ಲಿ ಸ್ವಲ್ಪ ಇರಬಹುದು. ಆದರೆ ಎಲ್ಲಕ್ಕಿಂತ ತಲೆ ಕೆಡಿಸುವುದು 7:15ರ ಅಂಕಿ. ಬೆವರು ಹೋಗಿದೆ, ಮೈಯಲ್ಲಿ ನೀರು ಕಡಿಮೆ. ಹಾಗಾದರೆ ಕೊಬ್ಬು ಜಾಸ್ತಿ ತೋರಿಸಬೇಕಿತ್ತಲ್ವಾ? ಇಳಿದಿದೆ. ಯಾಕೆಂದರೆ ನಡೆದು ಬಂದ ಕಾಲಿನ ಚರ್ಮ ಬೆಚ್ಚಗಿದೆ, ರಕ್ತ ಜೋರಾಗಿ ಹರಿಯುತ್ತಿದೆ, ಅಂಗಾಲು ಬೆವರಿ ಪಟ್ಟಿಗೆ ಚೆನ್ನಾಗಿ ಅಂಟುತ್ತದೆ. ಇವೆಲ್ಲ ತಡೆಯನ್ನು ಇಳಿಸುತ್ತವೆ. ವಾಕಿಂಗ್ ಮುಗಿಸಿ, ಜಿಮ್ ಮುಗಿಸಿ ತೂಕ ನೋಡಿ ಖುಷಿಪಡುವವರು ಬಹಳ ಮಂದಿ. ಆ ಖುಷಿ ಬೆವರಿನದು.

ಊಟದ ಲೆಕ್ಕ ನೀರಿನ ಹಾಗೆಯೇ. ಎರಡು ರೊಟ್ಟಿ, ಪುಂಡಿ ಪಲ್ಯ, ಬೇಳೆ, ಮಜ್ಜಿಗೆ ಸೇರಿ ತೂಕ ಏರಿತು, ಅದು ಮೊದಲು ಹೊಟ್ಟೆಯಲ್ಲೇ ಇರುತ್ತದೆ. ಜೀರ್ಣವಾಗುತ್ತಾ ಹೋದಂತೆ ಮುಂದಿನ ಕೆಲವು ಗಂಟೆ ತಡೆಯೂ ಅತ್ತಿತ್ತ ಆಗುತ್ತದೆ. ಆ ಹೊತ್ತಿನ ಅಂಕಿಗೆ ಅರ್ಥ ಹುಡುಕುವುದೇ ಬೇಡ.

ಕಹಿ ಸುದ್ದಿ

ಕೊಬ್ಬು ಏರಿಲ್ಲ ಅಂತ ಗೊತ್ತಾದಾಗ ಅವರಿಗೆ ಸಮಾಧಾನವಾಯಿತು. ಆದರೆ ಅದೇ ಪಟ್ಟಿ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಮುಚ್ಚಿಡುವುದು ಸರಿಯಲ್ಲ ಅಂತ ಹೇಳಿದೆ. ಸಂಜೆಯನ್ನು ಸಂಜೆಗೇ ಹೋಲಿಸಬೇಕು. ಮಾರ್ಚ್ 25ರ ಸಂಜೆ 71.6, ಈಗಿನ ಸಂಜೆ 70.9. ಇಳಿದದ್ದು 0.7 ಕೆಜಿ, ಅವರು ನಂಬಿಕೊಂಡಿದ್ದ 1.7 ಅಲ್ಲ. ಬಾಕಿ ಒಂದು ಕೆಜಿ ಸಂಜೆಗೂ ಬೆಳಗ್ಗೆಗೂ ಇರುವ ವ್ಯತ್ಯಾಸ. ಕೊಬ್ಬು 35.2 ಮತ್ತು 35.6, ಎರಡೂ ಒಂದೇ ಅಂತ ಓದಬೇಕು.

ಸುಮ್ಮನೆ ಕೂತರು. ಆಮೇಲೆ "ಹೋಗ್ಲಿ ಬಿಡ್ರಿ, ರಾತ್ರಿ ರೊಟ್ಟಿ ತಿನ್ನಬಹುದಲ್ಲ?" ಎಂದರು. ತಿನ್ನಿ ಎಂದೆ. ಪ್ರೋಟೀನ್ ಡಬ್ಬಿ ಮಗನಿಗೆ ಹೋಯಿತು.

ಮುಂದೆ ಹೇಗೆ ಅಳೆದರು

ಸಂಜೆಯೋ ಬೆಳಗ್ಗೆಯೋ ಎನ್ನುವುದಕ್ಕಿಂತ ದಿನಾ ಒಂದೇ ಹೊತ್ತು ಎನ್ನುವುದು ಮುಖ್ಯ. ಆಫೀಸ್ ಸಮಯ ಜೂನಿನಲ್ಲಿ ಮತ್ತೆ ಬದಲಾಗುತ್ತದೆ, ಬೆಳಗ್ಗೆ ಮಾತ್ರ ಬದಲಾಗುವುದಿಲ್ಲ ಅಂತ ಬೆಳಗ್ಗೆಯನ್ನೇ ಹಿಡಿದೆವು. ಎದ್ದು ಶೌಚ ಮುಗಿಸಬೇಕು. ಮುಲಾಮು ಹೋಗುವ ಹಾಗೆ ಕಾಲು ತೊಳೆದು, ಬೆರಳ ಸಂದಿಯವರೆಗೆ ಒರೆಸಬೇಕು. ಚಹಾಕ್ಕೆ ನೀರಿಟ್ಟು ಹತ್ತು ನಿಮಿಷ ಓಡಾಡಬೇಕು, ಆದರೆ ಚಹಾ ಕುಡಿಯುವ ಮೊದಲೇ ಸ್ಕೇಲ್ ಹತ್ತಬೇಕು. ಎರಡು ಕಾಲಿನ ತೊಡೆ ಒಂದಕ್ಕೊಂದು ಒತ್ತದ ಹಾಗೆ ನಿಲ್ಲಬೇಕು, ಇಲ್ಲದಿದ್ದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ಕಾಲುಂಗುರ ತೆಗೀಬೇಕಾ ಅಂತ ಕೇಳಿದರು. ಒಂದಿನ ತೆಗೆದು ಒಂದಿನ ಹಾಕಿ ಮಾಡಬೇಡಿ, ಹಾಗೇ ಇರಲಿ ಎಂದೆ.

ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. ಅವರ ಮನೆಗೆ ಹಳೆಯ ಶಹಾಬಾದ್ ಪರಸಿ. ಎರಡು ಕಲ್ಲಿನ ಸಂದಿಯ ಮೇಲೆ ಸ್ಕೇಲ್ ಇಟ್ಟರೆ ಒಂದು ಕಾಲು ಅಲ್ಲಾಡುತ್ತದೆ, ತೂಕವೇ ಕೆಲವು ನೂರು ಗ್ರಾಂ ಆಚೀಚೆ. ದೇವರ ಕೋಣೆಯ ಹೊರಗಿನ ಒಂದು ಕಲ್ಲು ಸಮ ಇತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು.

ದಿನದ ಅಂಕಿಯನ್ನು ಬರೆಯುವುದು, ಅದರ ಬಗ್ಗೆ ಏನೂ ತೀರ್ಮಾನ ಮಾಡುವ ಹಾಗಿಲ್ಲ. ಏಳು ದಿನದ ಸರಾಸರಿ ಮಾತ್ರ ನೋಡುವುದು. ಎರಡು ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು. ಹೊಟ್ಟೆಯ ಕಡೆ ಈ ಕರೆಂಟ್ ಹೋಗುವುದೇ ಕಡಿಮೆ, ಆದ್ದರಿಂದ ಆ್ಯಪಿನ "ಹೊಟ್ಟೆಯೊಳಗಿನ ಕೊಬ್ಬು" ಅಂಕಿಗಿಂತ ಹತ್ತು ರೂಪಾಯಿಯ ದರ್ಜಿ ಟೇಪನ್ನು ನಾನು ಜಾಸ್ತಿ ನಂಬುತ್ತೇನೆ.

ಕಾಲಿಗೆ ಬಾವು ಬರುವ ಕಾಯಿಲೆ ಇದೆಯೇ, ಮೂತ್ರ ಹೋಗಿಸುವ ಮಾತ್ರೆ ಇದೆಯೇ ಎಂದೂ ಕೇಳಿದೆ. ಇರಲಿಲ್ಲ. ಇದ್ದರೆ ಕೊಬ್ಬಿನ ಅಂಕಿಯನ್ನೇ ಬಿಡಿ ಎನ್ನುತ್ತಿದ್ದೆ. ಪೇಸ್‌ಮೇಕರ್ ಇರುವವರಂತೂ ಇಂಥ ಸ್ಕೇಲ್ ಹತ್ತಲೇಬಾರದು.

ಶಿಸ್ತಾಗಿ ಅಳೆದ ಮೇಲೂ ಅವರ ದಿನದಿನದ ಅಂಕಿ ಅರ್ಧ ಪಾಯಿಂಟಿನಷ್ಟು ಆಡುತ್ತಲೇ ಇತ್ತು. ಅದು ಅವರ ಸ್ಕೇಲಿನ ಸಹಜ ನಡುಕ. ಅದಕ್ಕಿಂತ ಚಿಕ್ಕ ಬದಲಾವಣೆಗೆ ಖುಷಿಯೂ ಬೇಡ, ದುಃಖವೂ ಬೇಡ. ಇನ್ನು 37% ಎನ್ನುವ ಮಟ್ಟವೇ ನಿಜವೋ? ಅದು ಹಲವು ಪಾಯಿಂಟ್ ಆಚೀಚೆ ಇರಬಹುದು. ಸೂತ್ರವನ್ನು ಬೇರೆ ಯಾರದೋ ಮೈಯ ಅಳತೆಯಿಂದ ಮಾಡಿರುತ್ತಾರೆ. ಮಗನ ಸ್ಕೇಲಿನಲ್ಲಿ ನಿಂತರೆ ಇವರಿಗೆ ಬೇರೆಯೇ ಅಂಕಿ ಬರುತ್ತಿತ್ತು.

ಮೇ ತಿಂಗಳಲ್ಲಿ ಬೀದರಿನಲ್ಲೊಂದು ಮದುವೆ. ಹಪ್ಪಳ, ಉಪ್ಪಿನಕಾಯಿ, ಎರಡು ಹೊತ್ತು ಊಟ. ಮರುದಿನ ತೂಕ 0.9 ಕೆಜಿ ಮೇಲೆ, ಕೊಬ್ಬು 0.7 ಪಾಯಿಂಟ್ ಕೆಳಗೆ. ಈ ಸಲ ಅವರು ಹೆದರಲಿಲ್ಲ, ಕೇಳಿದರು. ಉಪ್ಪು ಜಾಸ್ತಿಯಾದಾಗ ಮೈ ನೀರು ಹಿಡಿಯುತ್ತದೆ. ತೂಕ ಏರಿ ಕೊಬ್ಬಿನ ಶೇಕಡಾ ಇಳಿದರೆ ಅದು ಬಹುಮಟ್ಟಿಗೆ ನೀರು. ಮೂರು ದಿನದಲ್ಲಿ ಎರಡೂ ಹಳೆಯ ಜಾಗಕ್ಕೆ ಬಂದವು.

ಮೊದಲ ವಾರದ ಸರಾಸರಿ 69.7 ಕೆಜಿ, 37.2%. ಆರನೇ ವಾರದ್ದು 68.5 ಕೆಜಿ, 36.6%. ಸೊಂಟ 94ರಿಂದ 91.5 ಸೆಂ.ಮೀ. ಕಿಲೋ ಲೆಕ್ಕದಲ್ಲಿ, ಇಳಿದ 1.2ರಲ್ಲಿ ಸುಮಾರು 0.9 ಕೊಬ್ಬು ಎನ್ನುತ್ತದೆ ಸ್ಕೇಲ್. ಆ 0.9ನ್ನು ನಾನು ಅಕ್ಷರಶಃ ನಂಬುವುದಿಲ್ಲ. ಆದರೆ ತೂಕ, ಶೇಕಡಾ, ಟೇಪು ಮೂರೂ ಒಂದೇ ಕಡೆ ಹೊರಟಿವೆ. ಪಥ್ಯ ಬದಲಿಸುವ ಅಗತ್ಯ ಕಾಣಲಿಲ್ಲ, ಹಾಗೇ ಮುಂದುವರಿಸಿದೆವು.

ಜೂನಿನಲ್ಲಿ ಒಂದೆರಡು ಮಳೆಯಾದ ಮೇಲೆ ಫೋನ್ ಬಂತು.

"ಮೇಡಂ, ಈ ವಾರ 35.9 ಬಂದದ. ತೂಕ ಅಷ್ಟೇ ಅದ. ಆ್ಯಪಿನಾಗ ಹಸಿರು ಬಾಣ, ಶಭಾಷ್ ಅಂತದ."

"ಟೇಪು?"

"ಅದೂ ಅಷ್ಟೇ ಅದ್ರಿ, ತೊಂಬತ್ತೊಂದೂವರೆ. ಇದು ಕೊಬ್ಬಲ್ರಿ. ತಂಪಾಗ್ಯದ, ಹಿಮ್ಮಡಿ ಕೂಡ್ಯಾವ. ಲೆಕ್ಕಕ್ಕ ಹಿಡೀಬ್ಯಾಡ್ರಿ."